14 ದಿನ ಮುಗಿದ ಮೇಲೂ ಮಿಕ್ಸಿ ಬದಲಾಯ್ತು: ಜರ್ಮನ್ ರಸೀದಿ ಓದಿ ಕನ್ನಡದಲ್ಲಿ ಬರೆದ ಒಂದು ಇಮೇಲ್

ಅರಸೀಕೆರೆ: ರಸೀದಿಯ ಕೆಳಗೆ ‘14 ದಿನದೊಳಗೆ ಮಾತ್ರ’ ಅಂತ ಪ್ರಿಂಟ್ ಆಗಿದೆ. ಮಿಕ್ಸಿ ಕೆಟ್ಟಿದ್ದು 42ನೇ ದಿನ. ಅಂಗಡಿಯವರು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿ ‘ಆಗಲ್ಲ’ ಅಂದ್ರು. ಇಲ್ಲಿಗೆ ಕಥೆ ಮುಗೀತು ಅಂತ ನಮ್ಮಲ್ಲಿ ಯಾರಾದರೂ ಅಂದ್ಕೋತೀವಿ. ಆದರೆ ಮುಗಿದಿರಲಿಲ್ಲ. ಯಾಕೆ ಅನ್ನೋದು ಆ ರಸೀದಿಯನ್ನು ಸರಿಯಾಗಿ ಓದಿದಾಗಲೇ ಗೊತ್ತಾಗಿದ್ದು.

ತಾಲೂಕಿನ ಒಂದು ಹಳ್ಳಿಯ ಹುಡುಗ ಎರಡು ವರ್ಷದ ಮಾಸ್ಟರ್ಸ್ ಓದೋಕೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿದ್ದಾನೆ. ಪಾಠ ಎಲ್ಲಾ ಇಂಗ್ಲಿಷ್‌ನಲ್ಲಿ, ಹಾಗಾಗಿ ಜರ್ಮನ್ ಭಾಷೆ ಅವನಿಗೆ ಅಷ್ಟಕ್ಕಷ್ಟೆ. ಅಲ್ಲಿನ ಒಂದು ಇಂಡಿಯನ್ ದಿನಸಿ ಅಂಗಡಿಯಲ್ಲಿ ನಮ್ಮ ಕಡೆಯ ಮಿಕ್ಸಿ ಕೊಂಡ. 129 ಯೂರೋ, ಅಂದ್ರೆ ನಮ್ಮ ದುಡ್ಡಲ್ಲಿ ಹತ್ತು ಸಾವಿರ ದಾಟುತ್ತೆ. ಓದೋ ಹುಡುಗನಿಗೆ ಸಣ್ಣ ದುಡ್ಡಲ್ಲ. ಅಂಗಡಿ ಮಾಲೀಕರು ಕನ್ನಡದವರೇ, ಆದರೆ ಕೌಂಟರ್‌ನಲ್ಲಿ ಇದ್ದವರು ಬೇರೆಯವರು. ಮಿಕ್ಸಿ ಕೆಟ್ಟಾಗ ಇವನು ರಸೀದಿಯ ಫೋಟೋ ತೆಗೆದು ಊರಿನಲ್ಲಿರುವ ಅಕ್ಕನಿಗೆ ಕಳಿಸಿದ. ಅಕ್ಕ ನರ್ಸಿಂಗ್ ಮುಗಿಸಿ, ಜರ್ಮನಿಗೆ ಕೆಲಸಕ್ಕೆ ಹೋಗಬೇಕು ಅಂತ ಜರ್ಮನ್ ಕಲೀತಿದ್ದಾರೆ. ರಸೀದಿ ಓದಿದ್ದೂ ಅವರೇ, ಇಮೇಲ್ ಬರೆದದ್ದೂ ಅವರೇ. ಅಕ್ಕ, ತಮ್ಮ, ಅಂಗಡಿ ಯಾರ ಹೆಸರೂ ಬೇಡ ಅಂದಿದ್ದರಿಂದ ಇಲ್ಲಿ ಬರೆದಿಲ್ಲ. ನಮ್ಮ ಜಿಲ್ಲೆಯಿಂದ ಹೊರದೇಶಕ್ಕೆ ಓದೋಕೆ ಹೋದ ಮಕ್ಕಳಿರುವ ಮನೆಗಳಿಗೆ ಇದು ಉಪಯೋಗಕ್ಕೆ ಬರುತ್ತೆ, ನಮ್ಮ ಅಂಗಡಿಯವರಿಗೂ ಇದರಲ್ಲಿ ವಿಷಯ ಇದೆ.

ಮೊದಲ ಫೋಟೋ ಸಾಲಲಿಲ್ಲ

ತಮ್ಮ ಮೊದಲು ಕಳಿಸಿದ ಫೋಟೋದಲ್ಲಿ ಚೀಟಿ ಮಡಿಚಿತ್ತು, ಕೆಳಗಿನ ಎರಡು ಸಾಲು ಕಾಣ್ತಿರಲಿಲ್ಲ. ಅಕ್ಕ ಎರಡನೇ ಸಲ ತೆಗೆಸಿದರು. ಚೀಟಿಯನ್ನು ಟೇಬಲ್ ಮೇಲೆ ಚಪ್ಪಟೆಯಾಗಿ ಇಟ್ಟು, ಮೇಲಿಂದ ನೇರವಾಗಿ, ಫ್ಲಾಶ್ ಇಲ್ಲದೆ ಒಂದು ಫೋಟೋ, ಕೆಳಗಿನ ಭಾಗಕ್ಕೆ ಹತ್ತಿರದಿಂದ ಇನ್ನೊಂದು, ಹಿಂಬದಿಗೆ ಮತ್ತೊಂದು. ಎಷ್ಟೋ ಅಂಗಡಿಗಳು ವಾಪಸ್ ನಿಯಮವನ್ನು ಚೀಟಿಯ ಹಿಂದೆ ಅಚ್ಚು ಮಾಡಿರ್ತಾವೆ, ಅದನ್ನ ಯಾರೂ ತಿರುಗಿಸಿ ನೋಡಲ್ಲ. ಇಲ್ಲಿ ಹಿಂದೆ ಏನೂ ಇರಲಿಲ್ಲ, ಎಲ್ಲಾ ಕೆಳಗೇ ಇತ್ತು. ನಮ್ಮ ಪೆಟ್ರೋಲ್ ಬಂಕ್, ಎಟಿಎಂ ಚೀಟಿ ಥರ ಇದೂ ಥರ್ಮಲ್ ಪೇಪರ್. ಬಿಸಿಲು, ಬಿಸಿ ತಾಗಿದರೆ ಅಕ್ಷರ ಮಾಯ. ಆರು ವಾರಕ್ಕೇ ಇವರ ಚೀಟಿಯ ಮೇಲ್ಭಾಗ ಮಸುಕಾಗೋಕೆ ಶುರುವಾಗಿತ್ತು.

ಇನ್ನು ಅದರಲ್ಲಿ ಏನಿತ್ತು ನೋಡಿ. ದಿನಾಂಕ 15.03.2025. ಅಲ್ಲಿಯೂ ನಮ್ಮ ಹಾಗೇ ದಿನ ಮೊದಲು, ತಿಂಗಳು ಆಮೇಲೆ, ಹಾಗಾಗಿ ಗೊಂದಲ ಇಲ್ಲ. ಗೊಂದಲ ಆಗೋದು ದುಡ್ಡಿನ ಅಂಕಿಯಲ್ಲಿ. 129,00 ಅಂತ ಇರುತ್ತೆ. ನಾವು ಚುಕ್ಕಿ ಇಡುವ ಕಡೆ ಅವರು ಅಲ್ಪವಿರಾಮ ಇಡ್ತಾರೆ, ನಾವು ಸಾವಿರಕ್ಕೆ ಅಲ್ಪವಿರಾಮ ಹಾಕುವ ಕಡೆ ಅವರು ಚುಕ್ಕಿ ಇಡ್ತಾರೆ. ಮಿಕ್ಸಿ ಸಾಲಿನ ಕೊನೆಯಲ್ಲಿ ಎ ಅಂತ ಅಕ್ಷರ, ಅದೇ ಚೀಟಿಯಲ್ಲಿದ್ದ ಸೋನಾಮಸೂರಿ ಅಕ್ಕಿಯ ಸಾಲಿಗೆ ಬಿ. ಇದು ಕ್ವಾಲಿಟಿ ಗ್ರೇಡ್ ಅಲ್ಲ, ತೆರಿಗೆಯ ಗುರುತು. ಜರ್ಮನಿಯಲ್ಲಿ ಸಾಮಾನ್ಯ ವಸ್ತುವಿಗೆ 19 ಪರ್ಸೆಂಟ್ ತೆರಿಗೆ, ದಿನಸಿಯ ಬಹುಪಾಲಿಗೆ 7. ಅಕ್ಷರ ಅಂಗಡಿಯಿಂದ ಅಂಗಡಿಗೆ ಬೇರೆ ಇರಬಹುದು. ತೆರಿಗೆ ಬೆಲೆಯೊಳಗೇ ಸೇರಿರುತ್ತೆ: 129 ಯೂರೋದಲ್ಲಿ ಮಿಕ್ಸಿಯ ಬೆಲೆ 108,40, ತೆರಿಗೆ 20,60. ಈ ಲೆಕ್ಕದಿಂದ ದೂರಿಗೆ ಒಂದು ಅನುಕೂಲ ಇದೆ. ಐಟಂ ಹೆಸರು ಅರ್ಧಂಬರ್ಧ ಪ್ರಿಂಟ್ ಆಗಿದ್ದರೂ 19 ಪರ್ಸೆಂಟ್ ಸಾಲಿನಲ್ಲಿ ಇದ್ದದ್ದು ಇದೊಂದೇ ವಸ್ತು, ಆದ್ದರಿಂದ ಅದು ಮಿಕ್ಸಿಯೇ ಅಂತ ತೋರಿಸಬಹುದು.

ಅದರ ಕೆಳಗೆ ಉದ್ದನೆಯ ಅಂಕಿ-ಅಕ್ಷರದ ಸಾಲುಗಳು. ಇದನ್ನು ನೋಡಿ ವಾರಂಟಿ ಕೋಡ್ ಅಂತ ತಮ್ಮ ಅಂದ್ಕೊಂಡಿದ್ದನಂತೆ. ಅಲ್ಲ, ಅದು ಬಿಲ್ಲಿಂಗ್ ಮಷಿನ್‌ನಲ್ಲಿ ಆಮೇಲೆ ಲೆಕ್ಕ ತಿದ್ದದ ಹಾಗೆ ತೆರಿಗೆ ಇಲಾಖೆಗೋಸ್ಕರ ಹಾಕುವ ಸಹಿ. ಎಲೆಕ್ಟ್ರಾನಿಕ್ ಬಿಲ್ಲಿಂಗ್ ಇರುವ ಅಂಗಡಿ ಗಿರಾಕಿಗೆ ರಸೀದಿ ಕೊಡಲೇಬೇಕು ಅಂತ ಅಲ್ಲಿ 2020ರ ಜನವರಿಯಿಂದ ಕಾನೂನೇ ಇದೆ. ಗಿರಾಕಿಗೆ ಬೇಕಾಗೋದು ಆ ಉದ್ದ ಸಾಲಲ್ಲ, ಅದರ ಪಕ್ಕದ ಚಿಕ್ಕ ರಸೀದಿ ನಂಬರ್.

ಆ 14 ದಿನ ಯಾವುದಕ್ಕೆ?

ಜಗಳಕ್ಕೆ ಕಾರಣವಾದ ಸಾಲಿಗೆ ಬರೋಣ. ಅಕ್ಕ ಓದಿ ಹೇಳಿದ ಪ್ರಕಾರ ಅದರ ಅರ್ಥ ಇಷ್ಟು: ‘ಉಮ್‌ಟೌಶ್ 14 ದಿನದೊಳಗೆ, ರಸೀದಿ ಮತ್ತು ಮೂಲ ಪ್ಯಾಕಿಂಗ್ ಇದ್ದರೆ ಮಾತ್ರ. ಬೆಲೆ ಇಳಿಸಿದ ಸರಕಿಗೆ ಉಮ್‌ಟೌಶ್ ಇಲ್ಲ.’

ಇಡೀ ವಿಷಯ ಈ ಉಮ್‌ಟೌಶ್ ಅನ್ನೋ ಒಂದು ಪದದಲ್ಲಿದೆ. ಕನ್ನಡಕ್ಕೆ ತಂದರೆ ‘ಬದಲಾಯಿಸಿಕೊಳ್ಳುವುದು’. ಆದರೆ ನಾವು ‘ಬದಲಾಯಿಸಿ ಕೊಡಿ’ ಅನ್ನೋದು ಎರಡು ಬೇರೆ ಬೇರೆ ಸಂದರ್ಭಕ್ಕೆ. ಸೀರೆ ಬಣ್ಣ ಹಿಡಿಸಲಿಲ್ಲ, ಚಪ್ಪಲಿ ಅಳತೆ ಸರಿಯಾಗಲಿಲ್ಲ ಅಂದಾಗಲೂ ಬದಲಾಯಿಸಿ ಕೊಡಿ ಅಂತೀವಿ. ಕೊಂಡ ಫ್ಯಾನ್ ತಿರುಗ್ತಿಲ್ಲ ಅಂದಾಗಲೂ ಅದೇ ಮಾತು. ಜರ್ಮನಿಯಲ್ಲಿ ಇವೆರಡೂ ಬೇರೆ ಬೇರೆ. ಉಮ್‌ಟೌಶ್ ಅಂದ್ರೆ ಮೊದಲನೆಯದು, ಸರಕು ಸರಿಯಾಗೇ ಇದೆ, ನಮಗೆ ಬೇಡ ಅಷ್ಟೆ. ಅಂಗಡಿಗೆ ಹೋಗಿ ನೋಡಿ ಕೊಂಡ ವಸ್ತುವನ್ನು ಹಾಗೆ ವಾಪಸ್ ತಗೊಳ್ಳಬೇಕು ಅಂತ ಅಲ್ಲಿ ಕಾನೂನು ಹೇಳಲ್ಲ. ಅದು ಅಂಗಡಿಯವರ ಒಳ್ಳೆತನ. ಅದಕ್ಕೇ ಅವರು 14 ದಿನ ಅನ್ನಬಹುದು, ಡಬ್ಬ ಬೇಕು ಅನ್ನಬಹುದು, ದುಡ್ಡಿನ ಬದಲು ಕೂಪನ್ ಕೊಡ್ತೀವಿ ಅನ್ನಬಹುದು.

ಎರಡನೆಯದಕ್ಕೆ, ಅಂದ್ರೆ ಸರಕಿನಲ್ಲೇ ದೋಷ ಇದ್ದರೆ, ಹೆಸರೇ ಬೇರೆ: ಗೆವೇರ್‌ಲೈಸ್ಟುಂಗ್. ಉಚ್ಚಾರಣೆ ಕಷ್ಟ, ಅರ್ಥ ಸುಲಭ. ಮಾರಿದವನು ದೋಷಕ್ಕೆ ಹೊಣೆ. ಹೊಸ ವಸ್ತುವಿಗೆ ಈ ಹೊಣೆ ಕೈಗೆ ಕೊಟ್ಟ ದಿನದಿಂದ ಎರಡು ವರ್ಷ. ಅಂಗಡಿಯವರು ರಸೀದಿಯ ಕೆಳಗೆ ಏನೇ ಪ್ರಿಂಟ್ ಹಾಕಿಸಿದರೂ ಅದು ಕಡಿಮೆ ಆಗಲ್ಲ. ಡಬ್ಬ ಬಿಸಾಕಿದ್ರೂ ಹಕ್ಕು ಹೋಗಲ್ಲ. ರಸೀದಿಯೇ ಬೇಕು ಅಂತನೂ ಇಲ್ಲ, ಅಲ್ಲಿ ಕೊಂಡದ್ದು ಅಂತ ಕಾರ್ಡ್ ಪೇಮೆಂಟಿನ ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ ತೋರಿಸಿದರೂ ಆಗುತ್ತೆ. ಇನ್ನೂ ಮುಖ್ಯ ಏನಂದ್ರೆ, ಮೊದಲ ಒಂದು ವರ್ಷದೊಳಗೆ ದೋಷ ಕಾಣಿಸಿಕೊಂಡರೆ ಅದು ಮಾರಿದಾಗಲೇ ಇತ್ತು ಅಂತ ಕಾನೂನು ಅಂದುಕೊಳ್ಳುತ್ತೆ. ಇಲ್ಲ, ಗಿರಾಕಿ ಹಾಳು ಮಾಡಿದ್ದು ಅನ್ನೋದಾದ್ರೆ ಅಂಗಡಿಯವರೇ ಸಾಬೀತು ಮಾಡಬೇಕು. ಮೊದಲು ಈ ಅವಧಿ ಆರು ತಿಂಗಳಿತ್ತು, 2022ರ ಜನವರಿ 1ರಿಂದ ಒಂದು ವರ್ಷ ಆಗಿದೆ. ವರ್ಷ ದಾಟಿದ ಮೇಲೆ ಭಾರ ಗಿರಾಕಿಯ ತಲೆ ಮೇಲೆ.

ಆನ್‌ಲೈನ್‌ನಲ್ಲಿ ಕೊಂಡರೆ ಕಾರಣ ಹೇಳದೆ 14 ದಿನದೊಳಗೆ ಖರೀದಿ ರದ್ದು ಮಾಡೋ ಹಕ್ಕು ಅಲ್ಲಿ ಇದೆ. ಆ 14 ದಿನವೂ ಈ ರಸೀದಿಯ 14 ದಿನವೂ ಒಂದೇ ಅಂತ ಎಷ್ಟೋ ಹುಡುಗರು ತಿಳ್ಕೊಂಡಿದ್ದಾರೆ. ಸಂಬಂಧ ಇಲ್ಲ.

ಮೂರನೆಯದು ಕಂಪನಿ ವಾರಂಟಿ ಕಾರ್ಡ್. ಕೌಂಟರ್‌ನವರು ‘ಕಂಪನಿಗೆ ಬರೀರಿ’ ಅಂತಲೂ ಹೇಳಿದ್ರಂತೆ. ಮಿಕ್ಸಿಯ ಡಬ್ಬದಲ್ಲಿ ಬಂದ ಕಾರ್ಡ್ ನೋಡಿದರೆ ವಾರಂಟಿ ಭಾರತದೊಳಗೆ ಮಾತ್ರ ಅಂತಿತ್ತು. ಆದರೆ ಕಂಪನಿ ವಾರಂಟಿ ಅನ್ನೋದು ತಯಾರಿಸಿದವರು ಬೇಕಾದರೆ ಕೊಡುವ ಮಾತು, ಅದು ಇರಲಿ ಬಿಡಲಿ ಮಾರಿದವರ ಹೊಣೆ ಹಾಗೇ ಇರುತ್ತೆ.

ದೋಷ ಮಿಕ್ಸಿಯದೋ, ರುಬ್ಬಿದವನದೋ?

ಹಕ್ಕು ಇದೆ ಅಂದ ತಕ್ಷಣ ಬರೆದುಬಿಡೋಕಾಗಲ್ಲ. ಹೆಚ್ಚು ಲೋಡ್ ಹಾಕಿ ಸುಟ್ಟಿದ್ದರೆ ಅದು ದೋಷ ಅಲ್ಲ, ಅಂಗಡಿಯವರು ಅದನ್ನೇ ಹೇಳ್ತಾರೆ. ಅದಕ್ಕೇ ಅಕ್ಕ ಬಸ್‌ಸ್ಟ್ಯಾಂಡ್ ಹತ್ತಿರದ ಒಬ್ಬ ಮಿಕ್ಸಿ ರಿಪೇರಿಯವರನ್ನ ಕೇಳಿದರು. ಅವರು ಕೇಳಿದ ಮೊದಲ ಪ್ರಶ್ನೆ, ‘ಖಾಲಿ ಓಡಿಸಿದ್ರೆ ನಿಲ್ಲುತ್ತಾ, ಹಾಕಿ ಓಡಿಸಿದ್ರೆ ನಿಲ್ಲುತ್ತಾ?’

ನಮ್ಮ ಮಿಕ್ಸಿಗಳ ಅಡಿಯಲ್ಲಿ ಒಂದು ಕೆಂಪು ಬಟನ್ ಇರುತ್ತೆ. ಮೋಟರ್‌ಗೆ ಭಾರ ಜಾಸ್ತಿ ಆದಾಗ ಅದು ಹೊರಗೆ ಬಂದು ಕರೆಂಟ್ ಕಟ್ ಮಾಡುತ್ತೆ, ಆರಿದ ಮೇಲೆ ಒತ್ತಿದರೆ ಮತ್ತೆ ಓಡುತ್ತೆ. ಉದ್ದಿನಬೇಳೆ ಗಟ್ಟಿಯಾಗಿ ತುಂಬಿಸಿ ರುಬ್ಬುವಾಗ ಅದು ಹೊರಗೆ ಬಂದರೆ ಮಿಕ್ಸಿ ತನ್ನ ಕೆಲಸ ಸರಿಯಾಗೇ ಮಾಡ್ತಿದೆ ಅಂತ ಅರ್ಥ. ಜಾರೇ ಇಲ್ಲದೆ ಖಾಲಿ ಓಡಿಸಿದಾಗ ಬಂದರೆ ತೊಂದರೆ ಮಿಕ್ಸಿಯ ಒಳಗೇ ಇದೆ. ರಿಪೇರಿಯವರು ಹೇಳಿದ ಹಾಗೆ ತಮ್ಮ ಪ್ಲಗ್ ತೆಗೆದು ಅರ್ಧ ಗಂಟೆ ಬಿಟ್ಟು, ಬಟನ್ ಒತ್ತಿ, ಜಾರ್ ಇಲ್ಲದೆ ಒಂದನೇ ಸ್ಪೀಡ್‌ನಲ್ಲಿ ಹಾಕಿದ. ಹತ್ತು ಸೆಕೆಂಡಿಗೆ ನಿಂತಿತು. ಮೂರು ಸಲ ಮಾಡಿದ, ಮೂರೂ ಸಲ ಹಾಗೇ. ಕೆಂಪು ಬಟನ್ ಕಾಣುವ ಹಾಗೆ ಕಟ್ ಇಲ್ಲದ ಒಂದೇ ವಿಡಿಯೋ ತೆಗೆದ. ‘ಒಳಗೆ ಬಿಚ್ಚಬೇಡ’ ಅಂತ ರಿಪೇರಿಯವರು ಖಡಕ್ಕಾಗಿ ಹೇಳಿದ್ರು. ಬಿಚ್ಚಿದರೆ ಸ್ಕ್ರೂ ಮೇಲಿನ ಗುರುತು ನೋಡಿ ನೀನೇ ಕೆಡಿಸಿದ್ದು ಅಂತಾರೆ, ಅದು ಅವರ ಅನುಭವದ ಮಾತು. (ಕರೆಂಟ್ ಬೇರೆ ಅಂತ ಸುಡ್ತೇನೋ ಅಂತ ಕೆಲವರು ಕೇಳಬಹುದು. ಜರ್ಮನಿಯಲ್ಲೂ ನಮ್ಮ ಹಾಗೇ 230 ವೋಲ್ಟ್, 50 ಹರ್ಟ್ಸ್. ಆ ವಾದ ನಿಲ್ಲಲ್ಲ.)

ಇಮೇಲ್ ಬರೆದದ್ದು ಹೀಗೆ

ಅಕ್ಕ ಮೊದಲು ಬರೆದ ಕರಡು ನನಗೂ ತೋರಿಸಿದ್ರು. ‘ಕನ್ನಡದವರಾಗಿ ಕನ್ನಡದವರಿಗೇ ಹೀಗೆ ಮಾಡ್ತೀರಾ’ ಅನ್ನೋದರಿಂದ ಶುರುವಾಗಿ, ‘ಎಕ್ಸ್‌ಚೇಂಜ್ ಮಾಡಿಕೊಡಿ ಇಲ್ಲಾ ದುಡ್ಡು ವಾಪಸ್ ಕೊಡಿ’ ಅಂತ ಮುಗಿದಿತ್ತು. ಸಿಟ್ಟು ಅರ್ಥ ಆಗುತ್ತೆ. ಆದರೆ ‘ಎಕ್ಸ್‌ಚೇಂಜ್’ ಅಂದ ಕೂಡಲೇ ಅಂಗಡಿಯವರಿಗೆ ಮತ್ತೆ 14 ದಿನದ ಸಾಲು ತೋರಿಸೋಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ದುಡ್ಡು ವಾಪಸ್ ಅನ್ನೋದೂ ಅವಸರವೇ. ಅಲ್ಲಿನ ಕ್ರಮದಲ್ಲಿ ಮೊದಲು ರಿಪೇರಿ ಅಥವಾ ಬೇರೆ ಪೀಸ್ ಕೊಡೋಕೆ ಅಂಗಡಿಗೆ ಅವಕಾಶ ಕೊಡಬೇಕು. ಎರಡರಲ್ಲಿ ಯಾವುದು ಅಂತ ಆರಿಸೋದು ಗಿರಾಕಿ. ಗಿರಾಕಿ ಆರಿಸಿದ್ದಕ್ಕೆ ವಿಪರೀತ ಖರ್ಚು ಬೀಳುತ್ತೆ ಅಂದ್ರೆ ಮಾತ್ರ ಅಂಗಡಿ ಬೇಡ ಅನ್ನಬಹುದು. ಸರಿಯಾದ ಸಮಯದಲ್ಲಿ ಯಾವುದೂ ಆಗದಿದ್ದರೆ, ಇಲ್ಲ ಖಡಾಖಂಡಿತ ಆಗಲ್ಲ ಅಂದ್ರೆ, ಆಗ ದುಡ್ಡು ಕೇಳಬಹುದು. ಆಗ ಕೂಪನ್ ಒಪ್ಪಿಕೊಳ್ಳಬೇಕಾಗಿಯೂ ಇಲ್ಲ.

ಕಡೆಗೆ ಹೋದ ಇಮೇಲ್ ಇದು. ಕೊಂಡವನು ತಮ್ಮ, ಹಾಗಾಗಿ ಅವನ ಹೆಸರಲ್ಲಿ, ಅವನ ಇಮೇಲ್‌ನಿಂದಲೇ ಹೋಯ್ತು.

ವಿಷಯ: 15.03.2025ರಂದು ಕೊಂಡ ಮಿಕ್ಸಿಯಲ್ಲಿ ದೋಷ, ರಸೀದಿ ನಂ. 4417

‘ಸರ್, ನಮಸ್ಕಾರ.

ನಾನು ಮಾರ್ಚ್ 15ರಂದು ನಿಮ್ಮ ಅಂಗಡಿಯಲ್ಲಿ 129,00 ಯೂರೋ ಕೊಟ್ಟು ಒಂದು ಮಿಕ್ಸಿ ತೆಗೆದುಕೊಂಡಿದ್ದೆ. ಕಾರ್ಡ್‌ನಲ್ಲಿ ಪೇ ಮಾಡಿದ್ದೇನೆ. ರಸೀದಿಯ ಫೋಟೋ ಜೊತೆಗಿದೆ.

ಏಪ್ರಿಲ್ 26ರಿಂದ ಮಿಕ್ಸಿ ಓಡುತ್ತಿಲ್ಲ. ಜಾರ್ ಇಲ್ಲದೆ ಖಾಲಿ ಓಡಿಸಿದರೂ ಸುಮಾರು ಹತ್ತು ಸೆಕೆಂಡಿಗೆ ಅಡಿಯ ಕೆಂಪು ಬಟನ್ ಹೊರಬಂದು ನಿಲ್ಲುತ್ತದೆ. ಮೂರು ಸಲ ಪರೀಕ್ಷಿಸಿದ ವಿಡಿಯೋ ಕಳಿಸಿದ್ದೇನೆ. ನಾನು ಮಿಕ್ಸಿಯನ್ನು ಬಿಚ್ಚಿಲ್ಲ.

ಏಪ್ರಿಲ್ 28ರಂದು ಅಂಗಡಿಗೆ ಬಂದಾಗ 14 ದಿನ ಮುಗಿದಿದೆ ಎಂದು ಹೇಳಿದರು. ರಸೀದಿಯಲ್ಲಿರುವ 14 ದಿನ ಉಮ್‌ಟೌಶ್‌ಗೆ, ಅಂದರೆ ಸರಿಯಿರುವ ವಸ್ತುವನ್ನು ಬೇಡವೆಂದು ಹಿಂತಿರುಗಿಸುವುದಕ್ಕೆ. ನಾನು ಕೇಳುತ್ತಿರುವುದು ಅದಲ್ಲ. ವಸ್ತುವಿನಲ್ಲಿ ದೋಷ ಇರುವುದರಿಂದ ಗೆವೇರ್‌ಲೈಸ್ಟುಂಗ್ ಪ್ರಕಾರ ಇದೇ ಮಾಡೆಲ್‌ನ ಬೇರೆ ಮಿಕ್ಸಿ ಕೊಡಬೇಕೆಂದು ಕೇಳುತ್ತಿದ್ದೇನೆ.

ದಯವಿಟ್ಟು ಮೇ 13ರೊಳಗೆ ಬದಲಿ ಮಿಕ್ಸಿ ಕೊಡಿ, ಯಾವತ್ತು ಬರಬೇಕು ಎಂದು ತಿಳಿಸಿ. ಹಳೆಯದನ್ನು ನಾನೇ ತಂದು ಕೊಡುತ್ತೇನೆ. ಡಬ್ಬ ನನ್ನ ಹತ್ತಿರ ಇಲ್ಲ.

ನೀವು ಕನ್ನಡದವರು ಎಂದು ತಿಳಿದು ಕನ್ನಡದಲ್ಲಿ ಬರೆದಿದ್ದೇನೆ. ಜರ್ಮನ್‌ನಲ್ಲಿ ಬೇಕಿದ್ದರೆ ಕಳಿಸುತ್ತೇನೆ.’

ಇಷ್ಟೇ. ಉಮ್‌ಟೌಶ್, ಗೆವೇರ್‌ಲೈಸ್ಟುಂಗ್ ಎರಡನ್ನು ಮಾತ್ರ ಅವರು ಇಮೇಲ್‌ನಲ್ಲಿ ಜರ್ಮನ್ ಅಕ್ಷರದಲ್ಲೇ ಬರೆದಿದ್ದರು. ಕನ್ನಡಕ್ಕೆ ತಿರುಗಿಸಿದರೆ ಎರಡೂ ಮತ್ತೆ ‘ಬದಲಾವಣೆ’ ಆಗಿಬಿಡ್ತವೆ ಅನ್ನೋದು ಕಾರಣ. ಡಬ್ಬ ಇಲ್ಲ ಅನ್ನೋದನ್ನ ಮುಚ್ಚಿಡದೆ ಬರೆದದ್ದು ನನಗೆ ಒಳ್ಳೇದು ಅನಿಸ್ತು, ಹೋದ ಮೇಲೆ ಕೌಂಟರ್‌ನಲ್ಲಿ ಮತ್ತೊಂದು ಜಗಳ ತಪ್ಪುತ್ತೆ. ‘ಆದಷ್ಟು ಬೇಗ’ ಅನ್ನದೆ ತಾರೀಕು ಹಾಕಿದ್ದಕ್ಕೂ ಅರ್ಥ ಇದೆ. ಕಳಿಸಿದ್ದು ಏಪ್ರಿಲ್ 29ಕ್ಕೆ, 14 ದಿನ ಕೊಟ್ಟ ಹಾಗಾಯ್ತು. ಆ ದಿನ ದಾಟಿದರೆ ಮುಂದಿನ ಹೆಜ್ಜೆ ಇಡೋಕೆ ಲೆಕ್ಕ ಸಿಗುತ್ತೆ.

ಕನ್ನಡದಲ್ಲಿ ಬರೆದರೆ ನಡೆಯುತ್ತಾ? ದೋಷ ತಿಳಿಸೋಕೆ ಇಂಥದ್ದೇ ನಮೂನೆ ಅಂತ ಅಲ್ಲಿ ಇಲ್ಲ, ಎದುರಿನವರಿಗೆ ಅರ್ಥ ಆಗಬೇಕು ಅಷ್ಟೆ. ಮಾಲೀಕರಿಗೆ ಕನ್ನಡ ಬರುವುದರಿಂದ ಇಲ್ಲಿ ನಡೆಯಿತು. ಆದರೆ ವಿಷಯ ಅಂಗಡಿಯಿಂದ ಹೊರಗೆ ಹೋದರೆ ಜರ್ಮನ್‌ನಲ್ಲೇ ಬೇಕು. ಅಲ್ಲಿ 16 ರಾಜ್ಯಗಳಲ್ಲೂ ಗ್ರಾಹಕರ ಸಲಹಾ ಕೇಂದ್ರ ಇದೆ, ಫೆರ್‌ಬ್ರೌಖರ್‌ತ್ಸೆಂಟ್ರಾಲೆ ಅಂತ ಹೆಸರು. ಅವರ ಮುಂದೆ ಕನ್ನಡ ಇಮೇಲ್ ಇಟ್ಟರೆ ಏನೂ ಪ್ರಯೋಜನ ಇಲ್ಲ. ಅಂಗಡಿ ಮಾಲೀಕರು ಕನ್ನಡದವರಲ್ಲದಿದ್ದರೆ ಇದೇ ಇಮೇಲನ್ನು ಮೊದಲ ದಿನವೇ ಜರ್ಮನ್‌ನಲ್ಲಿ ಕಳಿಸಬೇಕಿತ್ತು.

ನಮ್ಮೂರ ಬೋರ್ಡಿಗೂ ಇದಕ್ಕೂ

‘ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’ ಅನ್ನೋ ಸಾಲು ನಮ್ಮ ಪೇಟೆ ಬೀದಿಯ ಬಿಲ್ ಬುಕ್‌ಗಳಲ್ಲೂ ಇದೆ. ನಮ್ಮ ಕಾನೂನು ಜರ್ಮನಿಯದ್ದಕ್ಕಿಂತ ಬೇರೆ, ಎರಡು ವರ್ಷದ ಅದೇ ಹೊಣೆ ಇಲ್ಲಿ ಹಾಗೇ ಇದೆ ಅಂತ ಯಾರೂ ತಿಳಿಯಬಾರದು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(47)ರಲ್ಲಿ ಒಂದು ಮಾತಿದೆ: ದೋಷ ಇರುವ ಸರಕನ್ನು ವಾಪಸ್ ತಗೊಂಡು ದುಡ್ಡು ಕೊಡೋಕೆ ಬಿಲ್‌ನಲ್ಲಿ ಹಾಕಿದ ಅವಧಿಯೊಳಗೆ ನಿರಾಕರಿಸಿದರೆ, ಬಿಲ್‌ನಲ್ಲಿ ಅವಧಿಯೇ ಇಲ್ಲದಿದ್ದರೆ 30 ದಿನದೊಳಗೆ ನಿರಾಕರಿಸಿದರೆ, ಅದು ಅನುಚಿತ ವ್ಯಾಪಾರ ಪದ್ಧತಿ. ಅಂದ್ರೆ ಬಿಲ್‌ನಲ್ಲಿ ಏನೂ ಬರೆಯದ ಅಂಗಡಿಗೂ 30 ದಿನದ ಹೊಣೆ ಇದ್ದೇ ಇದೆ. ಬಣ್ಣ ಹಿಡಿಸಲಿಲ್ಲ ಅಂತ ತಂದವರಿಗೆ ಆ ಬೋರ್ಡ್ ತೋರಿಸಿ, ತಪ್ಪಿಲ್ಲ. ಒಡೆದ ಕುಕ್ಕರ್ ತಂದವರಿಗೆ ತೋರಿಸೋ ಹಾಗಿಲ್ಲ. ವಿಚಾರಿಸಬೇಕು ಅನ್ನೋರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಅಂಗಡಿಯವರ ಕಡೆಯೂ ಒಂದು ಮಾತಿದೆ. ಹಾಗಾದ್ರೆ ಎಲ್ಲಾ ನಷ್ಟ ಚಿಲ್ಲರೆ ಅಂಗಡಿಗೇನಾ? ಜರ್ಮನಿಯಲ್ಲಿ ಗಿರಾಕಿಗೆ ಮಾಡಿಕೊಟ್ಟ ಖರ್ಚನ್ನು ತನಗೆ ಸಪ್ಲೈ ಮಾಡಿದವರಿಂದ ವಸೂಲಿ ಮಾಡೋ ಹಕ್ಕು ಅಂಗಡಿಗೂ ಇದೆ. ಅದಕ್ಕೇ ಮಾಲೀಕರು ತಮ್ಮನಿಗೆ ವಿಡಿಯೋವನ್ನು ಇನ್ನೊಮ್ಮೆ ಕಳಿಸು ಅಂದಿದ್ದು, ಅದನ್ನು ಅವರು ತಮ್ಮ ಹೋಲ್‌ಸೇಲ್‌ನವರಿಗೆ ಕಳಿಸಬೇಕಿತ್ತಂತೆ.

ಅವರ ಉತ್ತರ ಮೂರನೇ ದಿನ ಕನ್ನಡದಲ್ಲೇ ಬಂತು: ‘ಕೌಂಟರ್ ಹುಡುಗರಿಗೆ ಗೊತ್ತಾಗಿಲ್ಲ, ಶನಿವಾರ ಮಿಕ್ಸಿ ತಗೊಂಡು ಬನ್ನಿ, ನಾನೇ ಇರ್ತೀನಿ.’ ಶನಿವಾರ ಮೇ 3ಕ್ಕೆ ತಮ್ಮ ಹೋದಾಗ ಅಲ್ಲೇ ಪ್ಲಗ್ ಹಾಕಿ ಖಾಲಿ ಓಡಿಸಿ ನೋಡಿ, ಕೆಂಪು ಬಟನ್ ಹೊರಬಂದ ಮೇಲೆ ಬೇರೆ ಪೀಸ್ ಕೊಟ್ಟರು. ಹೊಸ ರಸೀದಿ ಕೊಡಲಿಲ್ಲ. ಅಕ್ಕ ಹೇಳಿಕೊಟ್ಟಿದ್ದ ಹಾಗೆ ಅವನು ಹಳೇ ರಸೀದಿಯ ಮೇಲೇ ‘ದೋಷಕ್ಕಾಗಿ ಬದಲಿ ಕೊಡಲಾಗಿದೆ’ ಅಂತ ತಾರೀಕು ಸಮೇತ ಬರೆಸಿ, ಸೀಲ್ ಹಾಕಿಸಿ, ಅಂಗಡಿಯಿಂದ ಹೊರಗೆ ಬರುವ ಮುಂಚೆಯೇ ಅದರ ಫೋಟೋ ತೆಗೆದು ಊರಿಗೆ ಕಳಿಸಿದ.